ಎಡಬಲ ತಪ್ಪಿದ ಕಲ್ಲು

ಗಂಗಾಲಕ್ಷ್ಮಿ ಹುಟ್ಟಿ ಬೆಳೆದದ್ದು ನಂಗಲಿಯಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ಹೆಂಚಿನ ಮನೆಯಲ್ಲಿ. ಅಪ್ಪನದು ಪಂಕ್ಚರ್ ಅಂಗಡಿ. ಚಕ್ರ ಬಿಚ್ಚಿಸಿಕೊಂಡು ನಿಂತ ಲಾರಿಗಳ ನಡುವೆ ಆಡುತ್ತಿದ್ದ ಮಗುವಿಗೆ ಓದು ಬರುವ ಮೊದಲೇ ಬರಹಗಳ ಮುಖಪರಿಚಯವಾಗಿತ್ತು. ತಲೆಯ ಮೇಲೆ ಒಂದೇ ಗೆರೆ ಎಳೆದು ಬಟ್ಟೆ ಒಣಗಹಾಕಿದಂತೆ ಅಕ್ಷರಗಳನ್ನು ನೇತುಹಾಕಿದ್ದರೆ ಅದು ಹಿಂದಿಯವರ ಲಾರಿ. ಮೂಲೆ ಮೂಲೆಯಾಗಿ, ಪೆಟ್ಟಿಗೆ ಜೋಡಿಸಿದ ಹಾಗಿದ್ದರೆ ತಮಿಳಿನವರದು. ದುಂಡಗೆ, ತಲೆಯ ಮೇಲೆ ಚಿಕ್ಕದೊಂದು ಟಿಕ್ಕು ಹಾಕಿದ ಹಾಗಿದ್ದರೆ ತೆಲುಗು. ಮನೆಮಾತು ತೆಲುಗೇ ಆದರೂ ಅವಳು ಓದಲು ಕಲಿತದ್ದು ಕನ್ನಡ. ಎರಡರ ಅಕ್ಷರಗಳೂ ಅಕ್ಕತಂಗಿಯರಂತಿರುವುದು ಯಾಕೆ ಎಂದು ಎರಡನೇ ಕ್ಲಾಸಿನಲ್ಲೇ ಮೇಷ್ಟರನ್ನು ಕೇಳಿದ್ದಳು. ಮೇಷ್ಟರು ಬಾಯಿ ಮುಚ್ಚಿಕೊಂಡು ಮಗ್ಗಿ ಬರಿ ಎಂದರು.

ಆ ಪ್ರಶ್ನೆ ಎಲ್ಲೂ ಹೋಗಲಿಲ್ಲ. ಟಿಸಿಎಚ್ ಮುಗಿಸಿ, ಆಮೇಲೆ ಬಿ.ಎ., ಬಿ.ಎಡ್. ಮಾಡಿ, ಬೈರಕೂರಿನ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ, ಮುಳಬಾಗಿಲಿನಲ್ಲಿ ಮನೆ ಮಾಡಿ, ಮಗಳು ಮಾನಸಳನ್ನು ಓದಿಸಿ ಮದುವೆ ಮಾಡಿಕೊಡುವವರೆಗೂ ಮನಸ್ಸಿನ ಒಂದು ಮೂಲೆಯಲ್ಲಿ ಕೂತೇ ಇತ್ತು. ಮದುವೆಯ ಗಲಾಟೆ ಮುಗಿದು ಮನೆ ಖಾಲಿಯಾದ ವರ್ಷ ಗಂಗಾಲಕ್ಷ್ಮಿ ಶಾಸನಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿದರು. ಭಾನುವಾರದ ತರಗತಿಗಳು. ಗಂಡ ಕದಿರೇಶ್ ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ವಾರದ ರಜೆಯ ದಿನವೂ ಹೆಂಡತಿ ಮನೆಯಲ್ಲಿರುವುದಿಲ್ಲ ಎಂದು ಮೊದಮೊದಲು ಗೊಣಗಿದರು. ಆಮೇಲೆ ತಾವೇ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರತೊಡಗಿದರು.

ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ಕೋಲಾರದ ಅಮರನಾಥ್. ಜೀವಮಾನವೆಲ್ಲ ಶಾಸನಗಳ ಅಚ್ಚು ತೆಗೆಯುವುದರಲ್ಲಿ, ಓದುವುದರಲ್ಲಿ ಕಳೆದು ನಿವೃತ್ತರಾದವರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುವುದನ್ನು ಗಂಗಾಲಕ್ಷ್ಮಿ ಕಲಿತದ್ದು ಅವರಿಂದಲೇ. ಮೊದಲ ಪರೀಕ್ಷೆಯಲ್ಲಿ ಹಳಗನ್ನಡದ ಒಂದು ಶಾಸನವನ್ನು ಗಡಿಬಿಡಿಯಲ್ಲಿ ಓದಿ, ‘ವ’ವನ್ನು ‘ಪ’ ಎಂದು ತಿಳಿದು, ಇಲ್ಲದ ಊರೊಂದನ್ನೇ ಹುಟ್ಟಿಸಿಬಿಟ್ಟಿದ್ದರು. ಅಮರನಾಥ್ ನಗಲಿಲ್ಲ. ಓದುವ ಆಸೆ ಕಣ್ಣಿಗಿಂತ ಮುಂದೆ ಓಡಬಾರದು ಎಂದಷ್ಟೇ ಹೇಳಿದರು.

ಡಿಪ್ಲೊಮಾ ಕೈಗೆ ಬಂದ ಮೇಲೆ ಸುತ್ತಮುತ್ತಲಿನವರೆಲ್ಲ ಗಂಗಾಲಕ್ಷ್ಮಿಯ ಫೋನಿಗೆ ಕಲ್ಲುಗಳನ್ನು ಕಳಿಸತೊಡಗಿದರು. ಹೊಲದ ಬದುವಿನ ವೀರಗಲ್ಲು, ದೇವಸ್ಥಾನದ ಮೆಟ್ಟಿಲು, ಸರ್ವೆಯವರು ನೆಟ್ಟ ಗಡಿಕಲ್ಲು ಎಲ್ಲವೂ ಬರುತ್ತಿದ್ದವು. ಹೆಚ್ಚಿನವುಗಳಲ್ಲಿ ಓದುವಂಥದ್ದೇನೂ ಇರುತ್ತಿರಲಿಲ್ಲ. ಆದರೂ ಒಂದಕ್ಕೂ ಉತ್ತರ ಬರೆಯದೆ ಬಿಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ, ಮಾವಿನ ಲೋಡುಗಳು ಶ್ರೀನಿವಾಸಪುರದ ಮಂಡಿ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದ ಸಮಯದಲ್ಲಿ, ಚಿಂತಲಕುಂಟೆಯ ಪಂಚಾಯ್ತಿ ಅಧ್ಯಕ್ಷೆ ಮುನಿಯಲ್ಲಮ್ಮನಿಂದ ಒಂದು ಫೋಟೋ ಬಂತು. ಅದರ ಹಿಂದೆಯೇ ಫೋನೂ ಬಂತು.

ಊರ ಕೆರೆಯ ಹೂಳೆತ್ತುತ್ತಿದ್ದರು. ಏರಿಯ ಬುಡದಲ್ಲಿ ಜೆಸಿಬಿಯ ಬಾಯಿಗೆ ಬರಹವಿದ್ದ ಚಪ್ಪಡಿಯೊಂದು ಸಿಕ್ಕಿತು. ನೋಡಲು ಜನ ಸೇರಿದರು. ಸಾಲುಗಳೆಲ್ಲ ಬಲಗಡೆಯಿಂದ ಶುರುವಾಗಿವೆ, ಆದ್ದರಿಂದ ಇದು ಉರ್ದು, ಯಾರದೋ ಗೋರಿಯ ಕಲ್ಲು ಎಂದು ಫೋಟೋ ನೋಡಿದವರೊಬ್ಬರು ಹೇಳಿದರು. ಇನ್ನೊಬ್ಬರು ನಿಧಿಯ ಗುಟ್ಟು ಬರೆದಿದ್ದಾರೆ, ಅದಕ್ಕೇ ತಿರುಗುಮುರುಗಾಗಿದೆ ಎಂದರು. ಗೋರಿಯ ಕಲ್ಲಾದರೆ ಮುಟ್ಟಬಾರದು, ನಿಧಿಯದಾದರೆ ರಾತ್ರಿ ಕಳ್ಳರು ಅಗೆಯುತ್ತಾರೆ. ಎರಡಕ್ಕೂ ಹೆದರಿ ಕಲ್ಲನ್ನು ಸಿಕ್ಕಿದ ಜಾಗದಲ್ಲೇ ಮಲಗಿಸಿ ಮಣ್ಣು ಮುಚ್ಚಿಬಿಟ್ಟಿದ್ದರು. ಈಗ ಏರಿಗೆ ಕಲ್ಲು ಕಟ್ಟಿ ಸಿಮೆಂಟು ಹಾಕುವ ಕೆಲಸ ಆ ಜಾಗದ ಹತ್ತಿರಕ್ಕೆ ಬರುತ್ತಿತ್ತು.

“ಟೀಚರಮ್ಮ, ಒಂದ್ಸಲ ಸಿಮೆಂಟ್ ಬಿದ್ರೆ ಮುಗೀತು,” ಎಂದರು ಮುನಿಯಲ್ಲಮ್ಮ. “ಅದು ಏನು ಬರಹ ಅಂತ ಗೊತ್ತಾದ್ರೆ ಕೆಲಸ ನಿಲ್ಸಿ ಕಲ್ಲು ತೆಗಿಸ್ತೀನಿ. ಗೊತ್ತಾಗದೆ ತೆಗಿಸಿದ್ರೆ ಊರು ಎರಡಾಗ್ತದೆ. ನಮ್ಮೂರಾಗೆ ಅದೊಂದಿಲ್ಲ ಇಷ್ಟು ದಿನ. ಬರೋದೂ ಬ್ಯಾಡ.”

ಗಂಗಾಲಕ್ಷ್ಮಿ ಫೋಟೋವನ್ನು ಮುಳಬಾಗಿಲಿನ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದರು. ಮೊದಲು ತಲೆ ಯಾವುದು, ಕಾಲು ಯಾವುದು ಎಂದು ತಿಳಿಯಬೇಕು. ಮೆಟ್ಟಿಲಿಗೋ ಗೋಡೆಗೋ ಹಾಕಿದ ಕಲ್ಲು ತಲೆಕೆಳಗಾಗಿರುವುದು ಅಪರೂಪವಲ್ಲ. ಇಲ್ಲಿ ಆ ಕಷ್ಟ ಇರಲಿಲ್ಲ. ಒಂದು ತುದಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿದ್ದರು, ಇನ್ನೊಂದು ತುದಿಯಲ್ಲಿ ಬರಹ ನಿಂತುಹೋಗಿ ಒರಟು ಕಲ್ಲು ಉಳಿದಿತ್ತು. ಹಾಗಾಗಿ ಮೇಲು ಯಾವುದು ಎಂಬುದರಲ್ಲಿ ಅನುಮಾನವಿರಲಿಲ್ಲ.

ಆಮೇಲೆ ದಿಕ್ಕು. ಕೆತ್ತುವವನು ಸಾಲು ಶುರುಮಾಡುವ ಕಡೆ ಅಂಚು ಹಿಡಿದು ನೇರವಾಗಿ ಶುರುಮಾಡುತ್ತಾನೆ. ಮುಗಿಸುವ ಕಡೆ ಜಾಗ ಸಾಲದೆ ಅಕ್ಷರಗಳು ಒತ್ತೊತ್ತಾಗುತ್ತವೆ, ಇಲ್ಲವೇ ಜಾಗ ಉಳಿಯುತ್ತದೆ. ಫೋಟೋದಲ್ಲಿ ನೇರವಾದ ಅಂಚು ಬಲಗಡೆಗಿತ್ತು. ಕೊನೆಯ ಅರೆಸಾಲು ಕೂಡ ಬಲ ಅಂಚಿಗೇ ಅಂಟಿಕೊಂಡು, ಎಡಗಡೆ ಖಾಲಿ ಬಿಟ್ಟಿತ್ತು. ಊರಿನವರು ಹೇಳಿದ್ದು ಸುಳ್ಳಲ್ಲ, ಬರಹ ಬಲದಿಂದ ಎಡಕ್ಕೆ ಹೋಗಿತ್ತು.

ಮರುದಿನ ಅದನ್ನು ಶಾಲೆಯ ಉರ್ದು ಟೀಚರ್ ನೂರುನ್ನಿಸಾ ಅವರಿಗೆ ತೋರಿಸಿದರು. ರಜೆಯಾದರೂ ಇಬ್ಬರೂ ದಾಖಲಾತಿ ಕೆಲಸಕ್ಕೆ ಬಂದಿದ್ದರು. ನೂರುನ್ನಿಸಾ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಅವರಿಗೂ ಅದು ಗೋರಿಯ ಕಲ್ಲೇ ಇರಬಹುದೇನೋ ಎಂಬ ಅಳುಕಿತ್ತು. ನೋಡುತ್ತ ನೋಡುತ್ತ ಅವರ ಮುಖ ಸಡಿಲವಾಯಿತು.

“ಇದು ನಮ್ದಲ್ಲ ಗಂಗಾ ಮೇಡಂ,” ಎಂದರು. “ನಮ್ಮ ಅಕ್ಷರಗಳು ಒಂದರ ಕೈ ಒಂದು ಹಿಡ್ಕೊಂಡು ಹೋಗ್ತವೆ. ಇವು ಬೇರೆ ಬೇರೆ ನಿಂತಿವೆ ನೋಡಿ, ಪ್ರತಿಯೊಂದೂ ತನ್ನಷ್ಟಕ್ಕೆ. ಹಳೇ ಕಲ್ಲುಗಳಲ್ಲಿ ಚುಕ್ಕೆ ಬಿಟ್ಟಿರ್ತಾರೆ ಅಂತ ಇಟ್ಕೊಂಡ್ರೂ, ಈ ಮೂಲೆಮೂಲೆ ಪೆಟ್ಟಿಗೆಗಳು ನಮ್ಮಲ್ಲಿ ಎಲ್ಲಿವೆ? ಉರ್ದೂನೂ ಅಲ್ಲ, ಫಾರ್ಸಿ, ಅರಬ್ಬೀನೂ ಅಲ್ಲ.”

ಅಂದರೆ ಈ ಸೀಮೆಯಲ್ಲಿ ಬಲದಿಂದ ಎಡಕ್ಕೆ ಬರೆಯುವ ಬರಹಗಳಲ್ಲಿ ಯಾವುದೂ ಇದಲ್ಲ. ಎಡದಿಂದ ಬಲಕ್ಕೆ ಬರೆಯುವವುಗಳ ಜೊತೆ ಹೋಲಿಸಿದರೂ ತಾಳೆಯಾಗುತ್ತಿರಲಿಲ್ಲ. ನಾಗರಿಯ ತಲೆಗೆರೆ ಇರಲಿಲ್ಲ. ಕನ್ನಡ, ತೆಲುಗಿನ ತಲೆಕಟ್ಟು ಇರಲಿಲ್ಲ, ಅಕ್ಷರದ ಕೆಳಗೆ ಒತ್ತು ತೂಗುವುದೂ ಇರಲಿಲ್ಲ. ಒಂದೇ ಒಂದು ಅಕ್ಷರ ಮಾತ್ರ ಮತ್ತೆ ಮತ್ತೆ ಗುರುತು ಹೇಳುತ್ತಿತ್ತು. ಮೇಲ್ಗಡೆ ತೆರೆದ ಚೌಕ, ಮುಚ್ಚಳವಿಲ್ಲದ ಪೆಟ್ಟಿಗೆಯಂಥದ್ದು. ಹಳೆಯ ತಮಿಳಿನ ‘ಪ’ ಹಾಗೇ ಇರುತ್ತದೆ. ಚೋಳರ ಕಾಲದಲ್ಲಿ ಕೋಲಾರದ ಸುತ್ತ ತಮಿಳು ಶಾಸನಗಳು ಸಾಕಷ್ಟು ಹುಟ್ಟಿದ್ದವು ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಅದರ ಪಕ್ಕದ ಅಕ್ಷರಗಳು ತಮಿಳಾಗಿರಲಿಲ್ಲ. ತಮಿಳಾಗಲು ಹೋಗಿ ಎಲ್ಲೋ ತಪ್ಪಿದಂತಿದ್ದವು.

ಅಮರನಾಥ್‌ಗೆ ಕಳಿಸಿದರು. ಅವರು ಸಂಜೆ ಫೋನ್ ಮಾಡಿ, ಈ ಫೋಟೋದ ಅಂಚುಗಳನ್ನು ಯಾರೋ ಕತ್ತರಿಸಿದ್ದಾರೆ, ಪೂರ್ತಿ ಫೋಟೋ ತರಿಸಿಕೊಳ್ಳಿ, ಕಲ್ಲನ್ನು ನೋಡದೆ ಫೋಟೋ ಓದುವವರು ಫೋಟೋದ ಹುಟ್ಟನ್ನಾದರೂ ವಿಚಾರಿಸಬೇಕು ಎಂದರು. ಮುನಿಯಲ್ಲಮ್ಮನನ್ನು ಕೇಳಿದರೆ, ತೆಗೆದವನು ಜೆಸಿಬಿಯ ಚಂದ್ರು, ಅವನು ಈಗ ಶ್ರೀನಿವಾಸಪುರದ ಕಡೆ ಬೇರೆ ಕೆಲಸಕ್ಕೆ ಹೋಗಿದ್ದಾನೆ ಎಂದು ನಂಬರ್ ಕೊಟ್ಟರು. ಫೋನ್ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮೆಸೇಜು ಹಾಕಿ ಕಾದರು.

ಕಾಯುತ್ತ ಸುಮ್ಮನೆ ಕೂರುವುದು ಗಂಗಾಲಕ್ಷ್ಮಿಯ ಜಾಯಮಾನವಲ್ಲ. ಪ್ರಿಂಟಿನ ಮೇಲೆ ಬಟರ್ ಪೇಪರ್ ಇಟ್ಟು ಅಕ್ಷರಗಳನ್ನು ಸ್ಕೆಚ್ ಪೆನ್ನಿನಿಂದ ಒಂದೊಂದಾಗಿ ಎತ್ತಿಕೊಳ್ಳತೊಡಗಿದರು. ಕಣ್ಣು ಜಾರಿ ಹೋಗುವ ಗೆರೆಯನ್ನು ಕೈ ಬಿಡುವುದಿಲ್ಲ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಕೈ ಒಂದು ವಿಷಯ ಗಮನಿಸಿತು. ಮುಚ್ಚಳವಿಲ್ಲದ ಪೆಟ್ಟಿಗೆ ಬರೆಯುವಾಗ ಏನೂ ತೊಡಕಿಲ್ಲ. ಬೇರೆ ಅಕ್ಷರ ಬಂದಾಗಲೆಲ್ಲ ಕೈ ಹಿಮ್ಮುಖವಾಗಿ ನಡೆದ ಹಾಗಾಗುತ್ತಿತ್ತು. ಆ ಪೆಟ್ಟಿಗೆಗೆ ಎಡವೂ ಬಲವೂ ಒಂದೇ. ಉಳಿದವಕ್ಕೆ ಹಾಗಲ್ಲ.

ಅವರು ಪೆನ್ನು ಕೆಳಗಿಟ್ಟರು. ಸಾಲು ಬಲದಿಂದ ಶುರುವಾಗಿದೆ, ಆದರೆ ಬಲದಿಂದ ಬರೆಯುವವರ ಅಕ್ಷರವಲ್ಲ. ಎಡಬಲ ಒಂದೇ ಆಗಿರುವ ಅಕ್ಷರ ಮಾತ್ರ ಗುರುತು ಸಿಗುತ್ತದೆ, ಮಿಕ್ಕವು ಸಿಗುವುದಿಲ್ಲ. ಬರೆದವನು ತಪ್ಪಿಲ್ಲ, ಪಟವೇ ತಪ್ಪಿರಬೇಕು. ಅಚ್ಚು ತೆಗೆದ ಕಾಗದವನ್ನು ಹಿಂಬದಿಯಿಂದ ನೋಡಿದರೆ ಬರಹ ಹೀಗೇ ಕಾಣುವುದನ್ನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದರು.

ಬಟರ್ ಪೇಪರನ್ನು ಎತ್ತಿ, ಮಗುಚಿ ಹಾಕಿದರು.

ಕೋನವೊಂದು ಎಡಕ್ಕೆ ಕಾಲು ಚಾಚಿಕೊಂಡಿದ್ದದ್ದು ಬಲಕ್ಕೆ ಚಾಚಿ ತಮಿಳಿನ ‘ಟ’ ಆಯಿತು. ಅದರ ಆಚೆಗೆ ‘ಮ’ ಕಾಣಿಸಿತು. ಅಕ್ಷರದ ಬಲಕ್ಕೆ ಅರ್ಥವಿಲ್ಲದೆ ನಿಂತಿದ್ದ ಒಂದು ಸುರುಳಿ ಎಡಕ್ಕೆ ಬಂದು ನಿಂತಿತು. ಎ-ಕಾರದ ಗುರುತನ್ನು ಕನ್ನಡ, ತೆಲುಗಿನವರು ಅಕ್ಷರದ ತಲೆಯ ಮೇಲೆ ಹತ್ತಿಸುತ್ತಾರೆ. ಅದನ್ನು ಬೇರೆಯಾಗಿ ಅಕ್ಷರದ ಎಡಕ್ಕೆ ನಿಲ್ಲಿಸುವುದು ತಮಿಳಿನ ಕ್ರಮ. ಗಂಗಾಲಕ್ಷ್ಮಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಪರೀಕ್ಷೆಯಲ್ಲಿ ಹುಟ್ಟಿಸಿದ ಇಲ್ಲದ ಊರು ನೆನಪಾಗಿತ್ತು.

ಆತುರಪಡದೆ ಮತ್ತೆ ನೋಡಿದರು. ತಮಿಳಿನ ಹಾಗೆ ಕಾಣುವುದೆಲ್ಲ ತಮಿಳಲ್ಲ. ಅದರ ನೆಂಟಸ್ತಿಕೆಯ ಗ್ರಂಥ ಲಿಪಿ ಎಂಬುದೊಂದಿದೆ. ಆ ಕಾಲದಲ್ಲಿ ತಮಿಳು ಸೀಮೆಯವರು ಸಂಸ್ಕೃತ ಬರೆಯುತ್ತಿದ್ದದ್ದು ಅದರಲ್ಲಿ. ಮೊದಲ ಸಾಲಿನ ಮೊದಲ ಕೆಲವು ಅಕ್ಷರಗಳು ಒಂದರ ಕೆಳಗೊಂದು ಹೆಣೆದುಕೊಂಡಿದ್ದವು. ಅದು ಗ್ರಂಥವೇ. ಶಾಸನಗಳು ಶುರುವಾಗುವ ‘ಸ್ವಸ್ತಿಶ್ರೀ’ ಎಂಬ ಮಂಗಳದ ಮಾತು ಅಲ್ಲಿತ್ತು. ಅದಾದ ಮೇಲೆ ಎಲ್ಲಿಯೂ ಅಕ್ಷರಗಳು ಹೆಣೆದುಕೊಂಡಿರಲಿಲ್ಲ. ಎಲ್ಲ ಬಿಡಿಬಿಡಿ. ಅಕ್ಷರಗಳ ಬಗೆಯೂ ಕಡಿಮೆ. ಕ, ಖ, ಗ, ಘ ಎಂದು ನಾಲ್ಕು ಮನೆ ಮಾಡದೆ ಒಂದರಲ್ಲೇ ಸಂಸಾರ ಮಾಡುವ ಬರಹ. ಸಂಸ್ಕೃತವಾಗಿದ್ದರೆ ಅಷ್ಟು ಕಡಿಮೆ ಅಕ್ಷರಗಳಲ್ಲಿ ಸಾಗುತ್ತಿರಲಿಲ್ಲ.

ಲಿಪಿ ಸಿಕ್ಕಿದರೂ ಭಾಷೆ ಸಿಕ್ಕಿದಂತಲ್ಲ. ಗಂಗಾಲಕ್ಷ್ಮಿಗೆ ತಮಿಳು ಅಕ್ಷರ ಗೊತ್ತು, ಮಾತು ಬರುವುದಿಲ್ಲ. ಕದಿರೇಶ್‌ಗೆ ತಮಿಳಿನ ಅಜ್ಜಿಯಿಂದ ಬಂದ ಮಾತು ಗೊತ್ತು, ಒಂದಕ್ಷರವೂ ಬರುವುದಿಲ್ಲ. ಫ್ಯಾಕ್ಟರಿಯಿಂದ ಬಂದವರನ್ನು ಕಾಫಿ ಕೊಟ್ಟು ಮೇಜಿನ ಎದುರು ಕೂರಿಸಿದರು.

“ರೀ, ನಾನು ಕೂಡಿಸ್ಕೊಂಡು ಓದ್ತೀನಿ. ಅರ್ಥ ಆಗೋದೇನಾದ್ರೂ ಕಿವಿಗೆ ಬಿದ್ರೆ ಹೇಳಿ. ಬೀಳದೇ ಇದ್ರೆ ಬೀಳಲಿಲ್ಲ ಅನ್ನಿ, ನನ್ನ ಖುಷಿಗೆ ಹೇಳ್ಬೇಡಿ.”

ಹಳೆಯ ಕಲ್ಲುಗಳಲ್ಲಿ ಅರ್ಧಾಕ್ಷರದ ಮೇಲಿನ ಚುಕ್ಕೆ ಇಡುವುದು ಕಡಿಮೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೂಡಿಸಬೇಕು ಎಂದು ಓದುವವರೇ ಊಹಿಸಬೇಕು ಎಂದು ಗಂಡನಿಗೆ ಮೊದಲೇ ಹೇಳಿದರು. ಗಂಗಾಲಕ್ಷ್ಮಿ ಮೂರು ನಾಲ್ಕು ಬಗೆಯಾಗಿ ಓದಿದರು. ಕದಿರೇಶ್ ಇಲ್ಲವೆಂದು ತಲೆಯಾಡಿಸುತ್ತ ಕಾಫಿ ಮುಗಿಸಿದರು. ಎರಡನೆಯ ಸಾಲು ಅವರಿಗೆ ಏನೂ ಹೇಳಲಿಲ್ಲ. ಮೂರನೆಯದರಲ್ಲಿ ‘ಏರಿ’ ಎಂದಾಗ ಲೋಟ ಕೆಳಗಿಟ್ಟರು.

“ಏರಿ ಅಂದ್ರೆ ಕೆರೆ. ನಮ್ಮಜ್ಜಿ ಕೆರೆಗೇ ಏರಿ ಅಂತಿದ್ಲು. ಮುಂದೆ ಓದು.”

“ತು... ತೂ... ಮ, ಪು. ತೂಮಪು?”

“ಮ-ಗೆ ಚುಕ್ಕೆ ಇಲ್ಲ ಅಂದ್ಯಲ್ಲ, ಇಟ್ಟು ಓದು. ತೂಂಬು. ತೂಬು ಕಣೇ ಅದು, ಕೆರೆ ತೂಬು! ನಿಮ್ಮ ತೆಲುಗಲ್ಲಿ ತೂಮು ಅನ್ನಲ್ವಾ?”

ಕೆರೆಯ ಏರಿಯಲ್ಲಿ ಸಿಕ್ಕಿದ ಕಲ್ಲು ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಮಾತು ಆಡುತ್ತಿತ್ತು. ಅಕ್ಷರದ ಆಕಾರ, ಸಾಲಿನ ದಿಕ್ಕು, ಕಿವಿಗೆ ಬಿದ್ದ ಮಾತು, ಕಲ್ಲು ಸಿಕ್ಕಿದ ಜಾಗ, ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಚಂದ್ರುವಿನ ಫೋಟೋ ಬಂದದ್ದು ಮಾರನೆಯ ಬೆಳಿಗ್ಗೆ. ಕತ್ತರಿಸದ ಫೋಟೋದಲ್ಲಿ ಅರ್ಧ ಜಾಗ ಚಂದ್ರುವಿನ ಮುಖವೇ ಇತ್ತು. ಕಲ್ಲಿಗೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಂಡಿದ್ದ. ಹಿಂದೆ ನಿಂತ ಜೆಸಿಬಿಯ ನಂಬರ್ ಪ್ಲೇಟು ಉಲ್ಟಾ ಕಾಣುತ್ತಿತ್ತು. ತನ್ನ ಫೋನಿನಲ್ಲಿ ಸೆಲ್ಫಿ ಕನ್ನಡಿಯಲ್ಲಿ ಕಂಡ ಹಾಗೇ ಉಳಿಯುತ್ತದೆ, ಸೆಟ್ಟಿಂಗ್ ಬದಲಾಯಿಸಿಲ್ಲ ಎಂದು ಅವನು ಫೋನಿನಲ್ಲಿ ಸಂಕೋಚದಿಂದ ಹೇಳಿದ. ಊರಿನ ವಾಟ್ಸಾಪ್ ಗುಂಪಿಗೆ ಹಾಕುವಾಗ ಯಾರೋ ಅವನ ಮುಖವನ್ನೂ ಜೆಸಿಬಿಯನ್ನೂ ಕತ್ತರಿಸಿ ಕಲ್ಲನ್ನು ಮಾತ್ರ ಉಳಿಸಿಕೊಂಡಿದ್ದರು. ಕಲ್ಲನ್ನು ಕಣ್ಣಾರೆ ಕಂಡವರು ಇದ್ದರು ನಿಜ. ಆದರೆ ಆ ಲಿಪಿಯನ್ನೇ ಅರಿಯದ ಅವರಿಗೆ ಕಂಡದ್ದು ಗೀಚು ಮಾತ್ರ. ದಿಕ್ಕಿನ ಮಾತು ಹುಟ್ಟಿದ್ದು ಫೋಟೋದಿಂದಲೇ.

ಗಂಗಾಲಕ್ಷ್ಮಿ ಮುನಿಯಲ್ಲಮ್ಮನಿಗೆ ಫೋನ್ ಮಾಡಿ, ಇದು ಹಳೆಯ ತಮಿಳು, ಗೋರಿಯದಲ್ಲ, ನಿಧಿಯದೂ ಅಲ್ಲ, ನಿಮ್ಮ ಕೆರೆಯ ವಿಚಾರ, ಕೆಲಸ ನಿಲ್ಲಿಸಿ ಎಂದರು. ತಮಗೆ ಗೊತ್ತಾದದ್ದು ಇಷ್ಟೇ, ಪೂರ್ತಿ ಓದಲು ಅಮರನಾಥ್ ಸರ್ ಬರಬೇಕು ಎಂಬುದನ್ನೂ ಸೇರಿಸಿದರು.

ಭಾನುವಾರ ಎಲ್ಲರೂ ಚಿಂತಲಕುಂಟೆಯ ಏರಿಯ ಮೇಲೆ ಸೇರಿದರು. ನೂರುನ್ನಿಸಾ ಕೂಡ ಬಂದಿದ್ದರು. ಜೆಸಿಬಿ ಬೇಡವೆಂದು ಊರಿನ ಗಂಡಸರು ಗುದ್ದಲಿಯಿಂದ ಮಣ್ಣು ಬಿಡಿಸಿ ಕಲ್ಲನ್ನು ಎತ್ತಿ ನಿಲ್ಲಿಸಿದರು. ಮುನಿಯಲ್ಲಮ್ಮ ಕೊಡದಲ್ಲಿ ನೀರು ತಂದು ತಾವೇ ಸುರಿದರು. ಕೆಸರು ಇಳಿದು ಹೋದ ಹಾಗೆ ಅಕ್ಷರಗಳು ಮೇಲೆ ಬಂದವು. ಸಾಲುಗಳು ಎಡ ಅಂಚು ಹಿಡಿದು ಶುರುವಾಗಿದ್ದವು. ಅದನ್ನು ನೋಡಿದ ಮೇಲೆಯೇ ಗಂಗಾಲಕ್ಷ್ಮಿಯ ಉಸಿರು ಸಲೀಸಾದದ್ದು.

ಅಮರನಾಥ್ ಕಾಗದ ಹಾಸಿ, ತಟ್ಟಿ, ಮಸಿ ಒತ್ತಿದರು. ವಯಸ್ಸಿಗೆ ಅವರ ಕೈ ಈಗ ಬೇಗ ಸೋಲುತ್ತಿತ್ತು, ಹಾಗಾಗಿ ಕೊನೆಯ ಸಾಲುಗಳಿಗೆ ಮಸಿ ಒತ್ತಿದ್ದು ಗಂಗಾಲಕ್ಷ್ಮಿ. ಅಚ್ಚು ಒಣಗಿದ ಮೇಲೆ ಅಮರನಾಥ್ ಓದುತ್ತ ಹೋದರು. ಕೆರೆಯ ತೂಬನ್ನು ಮಾಡಿಸಿದವರಿಗೆ ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಬಿಟ್ಟ ವಿಷಯ ಅದು. ಅಕ್ಷರದ ವರಸೆ ನೋಡಿದರೆ ಸುಮಾರು ಸಾವಿರ ವರ್ಷದ್ದಿರಬಹುದು. ತೂಬು ಮಾಡಿಸಿದವರ ಹೆಸರಿದ್ದ ಕಡೆ ಕಲ್ಲು ಚಕ್ಕೆ ಎದ್ದುಹೋಗಿತ್ತು. ಗಂಗಾಲಕ್ಷ್ಮಿ ಮನೆಯಲ್ಲಿ ‘ವ’ ಎಂದು ಎತ್ತಿಕೊಂಡಿದ್ದ ಒಂದು ಅಕ್ಷರ ‘ಪ’ ಆಗಿತ್ತು. ಅಮರನಾಥ್ ಅದನ್ನು ಬೆರಳಿಟ್ಟು ತೋರಿಸಿದರು.

“ಇಲ್ಲಿ ಮೇಲ್ಗಡೆ ತೆರೆದಿದೆ ನೋಡಿ. ಫೋಟೋದಲ್ಲಿ ನೆರಳು ಮುಚ್ಚಿತ್ತು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆದ್ರೆ ಪಟ ತಿರುಗಿದೆ ಅನ್ನೋದು ನನಗೆ ಹೊಳೀಲಿಲ್ಲಮ್ಮ. ಕತ್ತರಿಸಿದೆ ಅಂತ ಮಾತ್ರ ಹೇಳ್ದೆ. ದಿಕ್ಕಿಗೂ ಅಕ್ಷರಕ್ಕೂ ಜಗಳ ಇದೆ ಅಂತ ಕಂಡುಹಿಡಿದವರು ನೀವು,” ಎಂದರು. ಗಂಗಾಲಕ್ಷ್ಮಿ ತಲೆ ತಗ್ಗಿಸಿ ಮಸಿಯ ಕೈ ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಗುರುಗಳ ಬಾಯಿಂದ ಅಂಥ ಮಾತು ಬಂದದ್ದು ಇದೇ ಮೊದಲು.

ಮುನಿಯಲ್ಲಮ್ಮ ಅಲ್ಲಿಯೇ ತೀರ್ಮಾನ ಹೇಳಿದರು. ಏರಿಯ ಕಟ್ಟಡವನ್ನು ಅಲ್ಲಿ ಒಂದಿಷ್ಟು ಒಳಸರಿಸಿ, ಕಲ್ಲಿಗೆ ಕಟ್ಟೆ ಕಟ್ಟಿಸಿ, ಸಂಬಂಧಪಟ್ಟ ಇಲಾಖೆಗೂ ತಿಳಿಸುವುದು ಎಂದು. ಗೋರಿ ಎಂದಿದ್ದವರು, ನಿಧಿ ಎಂದಿದ್ದವರು ಇಬ್ಬರೂ ಕಟ್ಟೆಗೆ ಎಲ್ಲಿ ನೆರಳು ಬೀಳುತ್ತದೆ ಎಂದು ಚರ್ಚೆ ಮಾಡುತ್ತಿದ್ದರು. ನೂರುನ್ನಿಸಾ ಮನೆಯಿಂದ ತಂದಿದ್ದ ಶಾವಿಗೆ ಪಾಯಸದ ಡಬ್ಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ವಯಸ್ಸಾದವರೊಬ್ಬರು, ಹಳೇ ತೂಬು ಈ ಪಕ್ಕದಲ್ಲೇ ಇತ್ತು ಅಂತ ನಮ್ಮ ತಾತ ಅಂತಿದ್ದ, ಹೂಳಿನಲ್ಲಿ ಮುಚ್ಚಿಹೋಗಿರಬೇಕು, ಇನ್ನೊಂದಿಷ್ಟು ಬಿಡಿಸಿ ನೋಡಬಹುದಲ್ಲ ಎಂದರು. ಸಿಕ್ಕೀತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಗುದ್ದಲಿ ಹಿಡಿದವರು ಅವರು ತೋರಿಸಿದ ಕಡೆಗೆ ಹೋಗಿ ನಿಂತರು.

ಈಗ ಮುಳಬಾಗಿಲಿನ ಆ ಮನೆಯಲ್ಲಿ ಸಂಜೆ ಕಾಫಿಯ ಹೊತ್ತಿಗೆ ಒಂದನೇ ಕ್ಲಾಸಿನ ತಮಿಳು ಪುಸ್ತಕ ಮೇಜಿನ ಮೇಲೆ ತೆರೆದಿರುತ್ತದೆ. ಗಂಗಾಲಕ್ಷ್ಮಿ ಕದಿರೇಶ್‌ಗೆ ಅಕ್ಷರ ತಿದ್ದಿಸುತ್ತಾರೆ, ಕದಿರೇಶ್ ಅವರಿಗೆ ಮಾತು ಹೇಳಿಕೊಡುತ್ತಾರೆ. ಅಜ್ಜಿ ಆಡುತ್ತಿದ್ದ ಮಾತುಗಳನ್ನು ಕದಿರೇಶ್ ಹುಟ್ಟಿದಾಗಿನಿಂದ ಕೇಳಿದ್ದರೇ ಹೊರತು ಬರೆದದ್ದನ್ನು ಕಂಡಿರಲಿಲ್ಲ. ಮೊನ್ನೆ ಮೊದಲ ಸಲ ಅಜ್ಜಿಯ ಹೆಸರನ್ನು ತಮಿಳಿನಲ್ಲಿ ತಾವೇ ಬರೆದು, ಸರಿಯಾಗಿದೆಯಾ ನೋಡು ಎಂದು ಪುಸ್ತಕವನ್ನು ಹೆಂಡತಿಯ ಕಡೆಗೆ ತಳ್ಳಿದರು.

ಒಂದು ಅಕ್ಷರ ತಪ್ಪಿತ್ತು. ಗಂಗಾಲಕ್ಷ್ಮಿ ಅದನ್ನು ತಿದ್ದಿ, ಕೆಳಗೆ ಮತ್ತೊಮ್ಮೆ ಬರೆಯಲು ಹೇಳಿದರು.